ಕುತ್ತಿಗೆಯ ಕೆಳಗಿನ ನೆಗಡಿ

ನನ್ನ ಗಂಡನ ನೆಗಡಿಯನ್ನು ನಾನು ಯಾವತ್ತೂ ಪೂರ್ತಿ ನಂಬಿದವಳಲ್ಲ.

ಶಿಗ್ಗಾಂವಿಯಲ್ಲಿ ನಮ್ಮದು ಬೀಜ-ಗೊಬ್ಬರದ ಅಂಗಡಿ. ಇಡೀ ದಿನ ಗಲ್ಲೆ ಮುಂದೆ ಕೂತು ಇವರ ಸಕ್ಕರೆ ಏರಿತು. ಡಾಕ್ಟರು ಮೈ ಬೆವರಿಸಬೇಕು ಎಂದರು. ಹಾಗಾಗಿ ಬೆಳಿಗ್ಗೆ ಹೈಸ್ಕೂಲ್ ಮೈದಾನದಲ್ಲಿ ಓಡುವ ಗುಂಪಿಗೆ ಸೇರಿಸಿದೆ. ನಿವೃತ್ತ ಪಿ.ಟಿ. ಮಾಸ್ತರರೊಬ್ಬರು ಆ ಗುಂಪಿನ ಹಿರಿಯರು. ಮೊದಲ ದಿನವೇ ಅವರು ಹೇಳಿದ ಮಾತನ್ನು ಇವರು ಬಾಯಿಪಾಠ ಮಾಡಿಕೊಂಡು ಬಂದರು.

"ಮೂಗು ಸೋರಾಕತ್ತಿದ್ರ, ಸೀನು ಬರಾಕತ್ತಿದ್ರ, ಗಂಟಲು ಒಂಚೂರು ಕೆರದ್ರ, ಅದು ಕುತ್ತಿಗಿ ಮ್ಯಾಲಿಂದು. ಸಾವಕಾಶ ಓಡ್ರಿ, ಸಾಕನಿಸಿದ್ರ ನಿಲ್ರಿ. ಎದಿ ಬಿಗದ್ರ, ಕಫದ ಕೆಮ್ಮಿದ್ರ, ಮೈ ಕೈ ನೋವು, ಹೊಟ್ಟಿ ಕೆಟ್ಟಿದ್ರ ಅದು ಕೆಳಗಿಂದು, ಮನ್ಯಾಗಿರ್ರಿ. ಜ್ವರ ಇದ್ರಂತೂ ಮೂಗು ಎದಿ ಅನ್ನೂ ಲೆಕ್ಕಾನ ಬ್ಯಾಡ, ಓಡಬ್ಯಾಡ್ರಿ. ಹೃದಯಕ್ಕ ಪೆಟ್ಟಾಗಬಹುದು. ಮತ್ತ ಗುಳಿಗಿ ನುಂಗಿ ಜ್ವರ ನೋಡಬ್ಯಾಡ್ರಿ, ಅದು ಅಡಗಿ ಕುಂತಿರತೈತಿ."

ಕಳ್ಳನಿಗೊಂದು ಪಿಳ್ಳೆ ನೆವ. ಅಂದಿನಿಂದ ಇವರ ನೆಗಡಿ ರಾತ್ರಿ ಮೂಗಿನಲ್ಲಿರುತ್ತಿತ್ತು, ಅಲಾರಂ ಹೊಡೆಯುತ್ತಲೇ ಎದೆಗೆ ಇಳಿಯುತ್ತಿತ್ತು. "ಕೆಳಗ ಇಳದೈತಿ ನೋಡು" ಎಂದು ದುಪ್ಪಡಿ ಎಳೆದುಕೊಳ್ಳುವವರು, ಎಂಟಕ್ಕೆ ಎದ್ದು ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದರು! ನಾನು ಥರ್ಮಾಮೀಟರ್ ತಂದೆ. ಕೆಮ್ಮಿಸಿ ಕೇಳಿದೆ. ಬೆನ್ನಿಗೆ ಕಿವಿ ಇಟ್ಟೆ. ಈ ಕಥೆಯನ್ನು ಸವಣೂರಿನ ನನ್ನ ತವರಿಗೂ ಒಯ್ದೆ. ತಮ್ಮಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದು ಇವರು ಅಲ್ಲೇ ಪಡಸಾಲೆಯಲ್ಲಿ ಕೂತು ಖಾರದ ತಿಂಡಿ ತಿನ್ನುತ್ತಿದ್ದರು. ತಟ್ಟೆಯನ್ನು ಅರ್ಧಕ್ಕೇ ಪಕ್ಕಕ್ಕಿಟ್ಟರು.

ಆಮೇಲೆ ಏನಾಯಿತೋ, ದಿನಾ ಓಡತೊಡಗಿದರು. ಸಕ್ಕರೆಯೂ ಇಳಿಯಿತು. ಸವಣೂರಿನಲ್ಲಿ ಭಾನುವಾರದ ಓಟವೊಂದಿದೆ ಎಂದು ತಿಳಿದಾಗ ನನಗೆ ಹೇಳದೆಯೇ ಹೆಸರು ಕೊಟ್ಟು, ನನ್ನ ತಮ್ಮಂದಿರಿಗೂ ಸುದ್ದಿ ಮುಟ್ಟಿಸಿ ಬಂದರು. ನನ್ನ ಸಂಶಯ ಕಡಿಮೆಯಾಗಲಿಲ್ಲ.

ಓಟದ ದಿನ ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದು ಬೂಟು ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಮೂಗು ಸೊರಸೊರ ಎನ್ನುತ್ತಿತ್ತು.

"ಮೂಗಷ್ಟ. ಕುತ್ತಿಗಿ ಮ್ಯಾಲಿಂದು" ಎಂದರು. ನಾನು ಕೇಳುವ ಮೊದಲೇ ಥರ್ಮಾಮೀಟರನ್ನು ತಾವೇ ನಾಲಿಗೆಯ ಕೆಳಗಿಟ್ಟುಕೊಂಡರು. ಜ್ವರ ಇರಲಿಲ್ಲ.

ಅಲ್ಲೇ ನನ್ನ ತಲೆ ಕೆಟ್ಟಿತು. ದಿನಾ ಅದನ್ನು ಬಾಯಿಗಿಡಲು ಜಗಳ ಮಾಡುವ ಮನುಷ್ಯ ಇಂದೇಕೆ ಇಷ್ಟು ಸಾಧು? ಒಳಗೆ ಹೋಗಿ ಹಾಸಿಗೆ ಮುಟ್ಟಿದೆ. ದಿಂಬು ಒದ್ದೆ. ಬಾಗಿಲಿಗೆ ನೇತುಹಾಕಿದ ಬನಿಯನ್ ಹಿಂಡುವಷ್ಟು ಒದ್ದೆ. ಇಷ್ಟು ಬೆವರು ಬೆಳಗಿನ ಚಳಿಯಲ್ಲಿ ಎಲ್ಲಿಂದ ಬರಬೇಕು? ಗುಳಿಗೆಗೆ ಜ್ವರ ಇಳಿದಾಗಲೇ ಮೈ ಹೀಗೆ ಬೆವರುವುದು.

"ಗುಳಿಗಿ ಯಾವಾಗ ನುಂಗಿದ್ರಿ?" ಎಂದೆ.

"ಯಾವ ಗುಳಿಗಿ?" ಎಂದವರ ಕೈ ಚಡ್ಡಿಯ ಕಿಸೆಗೆ ಹೋಯಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ. ಕಿಸೆಯಿಂದ ಜ್ವರದ ಗುಳಿಗೆಯ ಪಟ್ಟಿ ತೆಗೆದೆ. ಒಂದು ಖಾಲಿ ಆಗಿತ್ತು. ಇನ್ನೊಂದನ್ನು ದಾರಿಗೆ ಇಟ್ಟುಕೊಂಡಿದ್ದರು.

ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ಬಾಗಿಲಿಗೆ ಅಡ್ಡ ಕೂತೆ. "ಗುಳಿಗಿ ಇಳೀಲಿ, ಆಮ್ಯಾಲ ನೋಡೂನು."

"ಅಷ್ಟೊತ್ತಿಗೆ ಓಟ ಮುಗದಿರತೈತಿ!"

"ಮುಗೀಲಿ."

ಒಂದು ಬೂಟನ್ನು ಬಿಚ್ಚಿ ಅಂಗಳಕ್ಕೆ ಎಸೆದರು. ಆಮೇಲೆ ಹೇಳಿದರು: "ಆರಾಮಿಲ್ಲ ಅಂದಾಗ ನಂಬಲಿಲ್ಲ. ಆರಾಮದೇನಿ ಅಂದ್ರ ಅದನ್ನೂ ನಂಬೂದಿಲ್ಲ. ನಿಮ್ಮ ತವರಮನ್ಯಾಗ ಇನ್ನೂ ನನ್ನ ಕುತ್ತಿಗಿ ಕೆಳಗಿನ ನೆಗಡಿ ಅಂತ ನಗ್ತಾರ. ಅವರ ಓಣಿ ಮುಂದ ಒಮ್ಮೆ ಓಡಿ ತೋರಸಬೇಕಿತ್ತು."

ಉಳಿದ ಗುಳಿಗೆಯನ್ನು ನಾನು ಸೆರಗಿನ ತುದಿಗೆ ಕಟ್ಟಿಕೊಂಡೆ. ಬಾಗಿಲು ಬಿಡಲಿಲ್ಲ.

ಹೊತ್ತು ಏರಿದಂತೆ ಗುಳಿಗೆ ಇಳಿಯಿತು, ಅಡಗಿ ಕೂತಿದ್ದ ಜ್ವರ ಹೊರಗೆ ಬಂತು. ಎರಡು ದುಪ್ಪಡಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಥರ್ಮಾಮೀಟರ್ ನೂರಾ ಎರಡು ತೋರಿಸಿತು. ಈ ಮೈಯಲ್ಲಿ ಬಿಸಿಲಿಗೆ ಓಡಿದ್ದರೆ ಎಂದು ನೆನೆದು ಮೊಬೈಲು ಎತ್ತಿಕೊಂಡೆ. ಡಾಕ್ಟರಿಗೆ ಫೋನ್ ಮಾಡುವಷ್ಟರಲ್ಲಿ ಸವಣೂರಿನಿಂದ ತಮ್ಮನ ಫೋನೇ ಬಂತು.

"ಎಲ್ಲಾರೂ ಓಡಿ ಬಂದ್ರಕ್ಕಾ. ಮಾಮಾ ಎಲ್ಲಿ? ನೆಗಡಿ ಎದಿಗಿಳೀತೇನು?" ಹಿಂದೆ ಮತ್ತೊಬ್ಬ ತಮ್ಮನ ನಗು.

"ಈ ಸಲ ಖರೇನ ಜ್ವರ ಬಂದೈತೋ" ಎಂದೆ.

"ಆತು ಬಿಡಕ್ಕಾ, ನಂಬಿದ್ವಿ" ಎಂದು ಇನ್ನಷ್ಟು ಜೋರಾಗಿ ನಕ್ಕರು.

ದುಪ್ಪಡಿಯೊಳಗಿನಿಂದ ಇವರು ನನ್ನನ್ನೇ ನೋಡುತ್ತಿದ್ದರು. ನಾನು ಥರ್ಮಾಮೀಟರಿನ ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಕೂಡಲೇ ಉತ್ತರ ಬಂತು.

"ಇದು ಯಾವತ್ತಿನ ಫೋಟೋ ಅಕ್ಕಾ?"