ಕಾರಂಜಿ ಆಮ್ಯಾಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಕರಾಗ ನಮ್ಮೂರು ಯಾವುದಂತ ನಾ ಹೇಳಂಗಿಲ್ಲ. ಹೇಳಿದ್ರ ಆಗಿನ ಪುರಸಭೆ ಅಧ್ಯಕ್ಷರ ಮೊಮ್ಮಕ್ಕಳು ನಮ್ಮ ಮನಿಗೆ ಚಾ ಕುಡಿಯಾಕ ಬರೂದು ಬಿಡ್ತಾರ. ಒಳ್ಳೆ ಮಕ್ಕಳು ಅವು.

ಎಪ್ಪತ್ತರ ದಶಕ ಮುಗಿಯಾಕ ಬಂದಿತ್ತು. ಹೆಣ್ಣಮಕ್ಕಳಿಗಂತ ಮೀಸಲಿಟ್ಟ ಸೀಟಿನ ಮ್ಯಾಲೆ ನಾ ಪುರಸಭೆ ಮೆಂಬರ್ ಆಗಿದ್ದೆ. ನನ್ನ ನಿಲ್ಲಿಸಿದವರ ಲೆಕ್ಕ ಏನಂದ್ರ, ಈಕಿ ಸೆರಗು ಹೊತ್ಕೊಂಡು ಮೂಲ್ಯಾಗ ಕುಂದರತಾಳ, ಚಾ ಕೊಟ್ರ ಕುಡೀತಾಳ, ಸಹಿ ಮಾಡಂದಲ್ಲಿ ಮಾಡ್ತಾಳ. ಮೊದಮೊದಲು ಹಂಗ ಮಾಡಿದೆ ಖರೆ. ನನ್ನ ಬಾಯಿ ಗೊತ್ತಿದ್ದ ನಮ್ಮ ಅತ್ತಿ ಮಾತ್ರ "ಇದು ಭಾಳ ದಿನ ನಡಿಯೂ ಮಾತಲ್ಲ" ಅಂತಿದ್ರು.

ನಮ್ಮ ಓಣಿ ಹಿಂದ ಪುರಸಭೆದೊಂದು ಬಯಲಿತ್ತು, ಬರೇ ಜಾಲಿಗಿಡ. ಓಣಿ ಹೆಣ್ಣಮಕ್ಕಳೆಲ್ಲಾ ನಸುಕಿನ್ಯಾಗ, ಇಲ್ಲಾ ಹೊತ್ತು ಮುಣುಗಿದ ಮ್ಯಾಲೆ, ನೀರಿನ ಚರಿಗಿ ಹಿಡ್ಕೊಂಡು ಅಲ್ಲಿಗೇ ಹೋಗಬೇಕು. ಹಗಲಿನ್ಯಾಗ ಬಂದ್ರ ತಡಕೋಬೇಕು. ತಡಕೊಳ್ಳೂದು ಎಷ್ಟು ರೂಢಿ ಆಗಿತ್ತಂದ್ರ ಅದೊಂದು ಕಷ್ಟ ಅಂತ ಯಾರೂ ಅಂತಿದ್ದಿಲ್ಲ. ಗಂಡಸರ ಮುಂದಂತೂ ಆ ಬಯಲಿನ ಸುದ್ದೀನ ತಗೀತಿದ್ದಿಲ್ಲ.

ಬಾಜೂ ಮನಿ ಸೊಸಿ ಆಗ ಬಸರಿ, ಚೊಚ್ಚಲು. ಆ ಹುಡುಗಿ ಮುಂಜಾನೆ ಎದ್ದಮ್ಯಾಲೆ ನೀರ ಕುಡೀತಿದ್ದಿಲ್ಲ. ಉರಿಮೂತ್ರ ಹತ್ತಿ ದವಾಖಾನಿಗೆ ಹೋದ್ರ ಡಾಕ್ಟರಬಾಯಿ ಬೈದು ಕಳಿಸಿದ್ರಂತ. "ನೀರ ಕುಡಿಯವ್ವಾ, ಹೊಟ್ಟ್ಯಾಗಿನ ಕೂಸಿಗರ ಕುಡಿ" ಅಂದೆ ನಾ. "ಕುಡದು ಎಲ್ಲಿಗೆ ಹೋಗ್ಲಿರಿ ಅಕ್ಕಾರ?" ಅಂದ್ಲು.

ಇಂಥಾದ್ರಾಗ ಅಧ್ಯಕ್ಷರು ಸೊಲ್ಲಾಪುರಕ್ಕ ಬೀಗರ ಮನಿಗೆ ಹೋಗಿ ಅಲ್ಲೆಲ್ಲೋ ಕಾರಂಜಿ ನೋಡಿ ಬಂದ್ರು. ಬಂದವರಿಗೆ ನಿದ್ದಿ ಇಲ್ಲ. ಊರಿಗೊಂದು ತೋಟ ಬೇಕು, ತೋಟದ ನಡುವ ಕಾರಂಜಿ ಬೇಕು, ಸುತ್ತ ಮುಳ್ಳತಂತಿ ಬೇಲಿ ಬೇಕು. ಜಾಗ ಯಾವುದು? ನಮ್ಮ ಓಣಿ ಹಿಂದಿನ ಬಯಲು! ದಿನಾ ಬಿಟ್ಟು ದಿನಾ ನಳ ಬರೂ ಊರಾಗ ಕಾರಂಜಿ. ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು ಅಂತಾರಲ್ಲ, ಹಂಗ.

ಅಧ್ಯಕ್ಷರು ಇದನ್ನ ಸಭಾದಾಗ ಇಟ್ರು. ಬೇಲಿ ಹಾಕಿದ್ರ ಓಣಿ ಹೆಣ್ಣಮಕ್ಕಳು ಎಲ್ಲಿಗೆ ಹೋಗಬೇಕು? ಆದ್ರ ಅಷ್ಟು ಗಂಡಸರ ನಡುವ ಅದನ್ನ ಬಾಯಿಬಿಟ್ಟು ಹೇಳಾಕ ನನಗೂ ನಾಚಿಕಿ. ಸುತ್ತಬಳಸಿ ಅಂದೆ: "ತೋಟ ಮಾಡ್ರಿ ಅಣ್ಣಾರ. ಅದರ ಮೂಲ್ಯಾಗ ಹೆಣ್ಣಮಕ್ಕಳಿಗೊಂದು ಸಂಡಾಸ ಕಟ್ಟಿಸಿ ಪುಣ್ಯಾ ಕಟ್ಗೋರಿ." ಅಧ್ಯಕ್ಷರು ದೊಡ್ಡ ಮನಸು ಮಾಡಿ, "ಆಗ್ಲೇಳು ತಂಗಿ, ತೋಟದ ಖರ್ಚಿನ ಅಂದಾಜಿನ್ಯಾಗ ಅದನ್ನೂ ಸೇರಿಸ್ತೇವಿ" ಅಂದ್ರು. ಅಂದಾಜು ತಯಾರಾಗಿ ಮುಂದಿನ ಸಭೆಗೆ ಮಂಜೂರಿಗೆ ಬರೂದಿತ್ತು. ನಾ ಮನಿಗೆ ಬಂದು ಓಣಿಗೆಲ್ಲಾ ಸಕ್ರಿ ಹಂಚಿದೆ.

ಎರಡು ದಿನ ಬಿಟ್ಟು ಪುರಸಭೆ ಮುಖ್ಯಾಧಿಕಾರಿ ಕಚೇರಿಗೆ ಕರಿಸಿದ್ರು. ಧಾರವಾಡ ಕಡೆಯವರು, ಮೆತ್ತಗ ಮಾತಾಡೂ ಮನಿಷ್ಯಾ. "ಅಕ್ಕಾರ, ನಿಮ್ಮ ಕೆಲಸ ನೀವ ಕೆಡಸ್ಕೊಂಡ್ರೆಲ್ಲ" ಅಂದ್ರು.

ನನಗ ಸಿಟ್ಟು ಬಂತು. "ಹೆಂಗ್ರಿ?"

"ಪುರಸಭೆ ಕಾಯಿದೆದಾಗ ಕೆಲಸ ಎರಡು ನಮೂನಿ ಅದಾವ್ರಿ. ಬೀದಿ ಕಸ ಬಳಿಯೂದು, ಕಸ ಊರ ಹೊರಗ ಸಾಗಸೂದು, ಗಟಾರ, ಬೀದಿ ದೀಪ, ಸಾರ್ವಜನಿಕ ಸಂಡಾಸ, ಕೈಗೆಟಕೂ ಖರ್ಚಿನ್ಯಾಗ ಸಿಗೂದಾದ್ರ ಕುಡಿಯೂ ನೀರು, ಇವು ಕಡ್ಡಾಯ. ತೋಟ, ವಾಚನಾಲಯ, ರಸ್ತಾದ ಬಾಜೂ ಗಿಡ, ದೊಡ್ಡವರು ಬಂದಾಗ ಸತ್ಕಾರ, ಇವು ಮನಸಿಗೆ ಬಂದ್ರ ಮಾಡೂವು, ಬಿಟ್ರ ಕೇಳವರಿಲ್ಲ. ನೀವು ಕಡ್ಡಾಯದ ಕೆಲಸಾನ ಒಯ್ದು ಮನಸಿನ ಕೆಲಸದ ಬಾಲಕ್ಕ ಕಟ್ಟೀರಿ. ತೋಟದ ಕೆಲಸ ನಿಂತ್ರ ಸಂಡಾಸೂ ನಿಂತಂಗ. ಬೇಲಿ ಅಷ್ಟ ಮೊದಲ ಹಾಕ್ತಾರ."

"ಕಡ್ಡಾಯ ಅಂದ್ರ ನಾಳೆ ಕಟ್ತಾರೇನ್ರಿ?"

ಅವರು ನಕ್ರು. "ಕಾಯಿದೆ ಮಂತ್ರ ಅಲ್ರಿ. ಕೈಯಾಗಿನ ನಿಧಿ ನೋಡ್ಕೊಂಡು ತಕ್ಕಷ್ಟು ವ್ಯವಸ್ಥಾ ಮಾಡಬೇಕು ಅಂತೈತಿ. ಅದರ ನೆವ ಹೇಳೇ ವರ್ಷಗಟ್ಲೆ ತಳ್ಳತಾರ. ಆದ್ರ ಕಡ್ಡಾಯದ್ದು ಮಾಡಲಿಲ್ಲಂದ್ರ ಜಿಲ್ಲಾಧಿಕಾರಿ ಯಾಕಂತ ಕೇಳಬಹುದು, ಇಷ್ಟರಾಗ ಮಾಡ್ರಿ ಅಂತ ಗಡುವು ಹಾಕಬಹುದು. ಕಾರಂಜಿ ಹಾರಲಿಲ್ಲಂತ ಯಾವ ಜಿಲ್ಲಾಧಿಕಾರಿನೂ ಕೇಳಂಗಿಲ್ಲ."

ದಾರಿಯುದ್ದಕ್ಕೂ ನನಗ ನಾನ ಬೈಕೊಂತ ಬಂದೆ. ನಮ್ಮದ ಹಕ್ಕನ್ನ ನಾವ ಪುಣ್ಯಾ ಅಂತ ಬೇಡೇವಿ, ಮ್ಯಾಲೆ ಸಕ್ರಿ ಬ್ಯಾರೆ ಹಂಚೇವಿ!

ಮುಂದಿನ ಸಭಾದಾಗ ತೋಟದ ಅಂದಾಜು ಬಂತು. ನಾ ಸೆರಗು ಸರಿಮಾಡ್ಕೊಂಡು ಎದ್ದು ನಿಂತೆ. "ಸಂಡಾಸ ಇದರಾಗಿಂದ ತಗೀರಿ" ಅಂದೆ.

ಅಧ್ಯಕ್ಷರಿಗೆ ತಿಳೀಲಿಲ್ಲ. "ನೀನ ಬೇಕಂದಿ, ನೀನ ಬ್ಯಾಡಂತಿ?"

"ಬೇಕ್ರಿ. ಬ್ಯಾರೆ ಠರಾವು ಮಾಡ್ರಿ, ಕಡ್ಡಾಯದ ಕೆಲಸ ಅಂತ. ನೀರಿನ ನಳ, ದಿನಾ ತೊಳಿಯೂ ವ್ಯವಸ್ಥಾ ಎರಡೂ ಅದರಾಗ ಇರಲಿ. ಮಲ ತಲಿ ಮ್ಯಾಲೆ ಹೊರಸೂದು ಸರ್ಕಾರ ಬಂದ್ ಮಾಡೇತಿ. ನೀರಿಲ್ಲದ ಸಂಡಾಸ ಕಟ್ಟಿ ಯಾರ ತಲಿ ಮ್ಯಾಲೂ ಹೊರಸಬ್ಯಾಡ್ರಿ. ಕಾರಂಜಿಗೆ ಅಂತ ಇಟ್ಟ ನಳ ಅದಕ್ಕ ಸಾಕಾಗತೈತಿ."

"ಊರಿಗೆ ಒಂದೀಟು ಚಂದ ಬ್ಯಾಡೇನವಾ?" ಅಂದ್ರು ಅವರು, ಮನಸು ನೊಂದು. ಪಾಪ, ಕೆಟ್ಟ ಮನಿಷ್ಯಾ ಅಲ್ಲ.

"ಚಂದ ಬೇಕ್ರಿ ಅಣ್ಣಾರ. ಮೊದಲ ಕುಂದ್ರಾಕ ಜಾಗಾ ಬೇಕು."

ಒಬ್ಬಿಬ್ರು ಮುಸಿಮುಸಿ ನಕ್ರು. "ನಿಧಿ ಇಲ್ಲ, ಮುಂದಿನ ವರ್ಷ ನೋಡೂಣು" ಅಂದ್ರು ಮತ್ತೊಬ್ರು. "ಕಾರಂಜಿಗೆ ಇದ್ದ ನಿಧಿ ಸಂಡಾಸಿಗೆ ಹೆಂಗ ಇಲ್ಲಂತ ಜಿಲ್ಲಾಧಿಕಾರಿ ಮುಂದ ಹೇಳ್ರಿ" ಅಂದೆ.

ಆಗ ಆಡಿನ ವ್ಯಾಪಾರ ಮಾಡೂ ಒಬ್ಬ ಹಿರಿ ಮೆಂಬರ್, ಸಭಾದಾಗ ತೂಕಡಿಸೂದ ಅವರ ಉದ್ಯೋಗ, ಕಣ್ಣು ತಗದು ಅಂದ್ರು: "ಆ ಬಯಲಿಗೆ ನಮ್ಮ ಮನಿ ಹೆಣ್ಣಮಕ್ಕಳೂ ಹೋಗ್ತಾರ. ನಾ ಬರೂದು ಕಂಡು ಸೊಸಿ ಚರಿಗಿ ಮುಚ್ಕೊಂಡು ಎದ್ದು ನಿಂದರತಾಳ. ನಾ ಕಂಡಿಲ್ಲ ಅನ್ನೂವಂಗ ಹಾದು ಹೋಗ್ತೇನಿ. ನೀವೂ ಹಾದು ಹೋಗ್ತೀರಿ."

ಯಾರೂ ಯಾರ ಮಾರಿನೂ ನೋಡಲಿಲ್ಲ. ಆ ಕೋಣ್ಯಾಗ ಆ ಮಾತು ಹಿಂದೆಂದೂ ಯಾರೂ ಆಡಿದ್ದಿಲ್ಲ. ಆಮ್ಯಾಲೆ ಆ ಅಜ್ಜಾರು ಕೈ ಎತ್ತಿದ್ರು. ಬಾಜೂದವರು ಎತ್ತಿದ್ರು. ಎಲ್ಲಾರಿಗಿಂತ ಕಡೀಕ ಅಧ್ಯಕ್ಷರೂ ಎತ್ತಿ, "ಬರಕೋರಿ, ಕಾರಂಜಿ ಆಮ್ಯಾಲೆ" ಅಂದ್ರು. ನಾ ಕುಂತು ಬಿಟ್ಟೆ, ಕಣ್ಣಾಗ ನೀರು ಬಂದಿದ್ದುವು.

ಮಳಿಗಾಲ ಮುಗಿಯೂದ್ರಾಗ ಸಂಡಾಸ ಎದ್ದು ನಿಂತಿತು, ಬಾಗಲಕ್ಕ ಅಗಳಿ, ಹೊರಗೊಂದು ನಳ. ಬಾಜೂ ಮನಿ ಸೊಸಿ ಬಾಣಂತನ ಮುಗಿಸಿ ತವರಿಂದ ಬಂದ ದಿನ, ಸುಡು ಸುಡು ಮಧ್ಯಾಹ್ನದಾಗ, ಕೂಸನ್ನ ನನ್ನ ತೊಡಿ ಮ್ಯಾಲೆ ಹಾಕಿ ಹೋಗಿ ಬಂದ್ಲು. ಬಂದು ಕೊಡದಾಗಿನ ನೀರು ಬಗ್ಗಿಸ್ಕೊಂಡು ತಂಬಿಗಿ ತುಂಬಾ ಕುಡದ್ಲು. "ಬಿಸಲಾಗ ಹೋಗಿ ಬಂದೆರಿ ಅಕ್ಕಾರ" ಅಂತ ನಗಾಕತ್ಲು. ಕಾರಂಜಿ ನೋಡಿ ಬಂದವರೂ ಹಂಗ ನಕ್ಕಿರಲಿಕ್ಕಿಲ್ಲ.

ಬ್ಯಾಸಗ್ಯಾಗ ಒಮ್ಮೆ ಆ ನಳ ಒಣಗಿತು. ನಾ ಚಪ್ಪಲಿ ಹಾಕ್ಕೊಂಡು ಪುರಸಭೆಗೆ ಹೊಂಟೆ. ಹೋಗಿ ನೋಡಿದ್ರ ನನಗಿಂತ ಮೊದಲ ಆ ಹುಡುಗಿ ಕೂಸನ್ನ ಬಗಲಾಗ ಹೊತ್ಕೊಂಡು ಮುಖ್ಯಾಧಿಕಾರಿ ಮುಂದ ನಿಂತಿದ್ಲು. ಒಳಗ ಬಂದ ಅಧ್ಯಕ್ಷರು, "ಏನವಾ, ಏನು ಉಪಕಾರ ಆಗಬೇಕಿತ್ತು?" ಅಂತ ಕೇಳಿದ್ರು.

"ಉಪಕಾರ ಏನೂ ಬ್ಯಾಡ್ರಿ" ಅಂದ್ಲು ಆಕಿ. "ನಳ ಬಂದ್ ಆಗೇತಿ. ಅದು ನಿಮ್ಮ ಕಡ್ಡಾಯದ ಕೆಲಸ."

ನಾ ಹೊರಗಿಂದ ಹೊರಗ ಮನಿಗೆ ಬಂದೆ.