ಪಿತ್ತದ ಗುಳಿಗೆ ಎಂದು ಕರೆದ ಗುಳಿಗೆ

ನಮ್ಮ ಅತ್ತೆಯ ಮೈಮೇಲೆ ಕುರಿ ಕಾಯುವವರ ದೇವರು ಬೀರೋಬಾ ಬರುತ್ತಿದ್ದ. ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ನಾನು ಮಾತ್ರ ಕುರನೂರಿನ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ, ದೇವರು ಬಂದಾಗ ಅವರು ಬೀಳದಂತೆ ಹಿಂದಿನಿಂದ ತೋಳು ಹಿಡಿದು ನಿಂತವಳು. ಕುರಿಗೆ ರೋಗ ಬಂದರೆ, ಮಗಳಿಗೆ ಗಂಡು ಸಿಗದಿದ್ದರೆ, ಸುತ್ತಲಿನ ಜನ ಐತವಾರ ನಮ್ಮ ಅಂಗಳಕ್ಕೇ ಬರುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಅಂಥ ಅತ್ತೆ ಮಾತು ಬಿಟ್ಟರು, ಊಟ ಬಿಟ್ಟರು. ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಏಳಲಿಲ್ಲ. ನನ್ನ ಗಂಡ ಅವರನ್ನು ಸೋಲಾಪುರದ ಮಾನಸಿಕ ರೋಗದ ಡಾಕ್ಟರಿಗೆ ತೋರಿಸಿದ. ಸರ್ಟ್ರಾಲಿನ್ ಎಂಬ ಗುಳಿಗೆ ಕೊಟ್ಟರು. ನಿಧಾನಕ್ಕೆ ಅತ್ತೆ ಎದ್ದರು, ನನ್ನನ್ನು ಬೈಯತೊಡಗಿದರು, ದೇವರೂ ತಿರುಗಿ ಬಂದ. ಆದರೆ ದೇವರು ಬರುವವಳಿಗೆ ತಲೆಯ ಗುಳಿಗೆ ಎಂದು ಊರಿಗೆ ಗೊತ್ತಾದರೆ? "ಇಷ್ಟು ದಿನ ಬಂದದ್ದು ದೇವರೋ ಹುಚ್ಚೋ" ಎಂದು ಕೇಳಲು ನಮ್ಮೂರಿನ ಬಾಯಿಗಳಿಗೆ ಯಾರೂ ಕಲಿಸಬೇಕಿರಲಿಲ್ಲ. ಅದಕ್ಕೇ ಆ ಗುಳಿಗೆಗಳನ್ನು ಪಿತ್ತದ ಮಾತ್ರೆಯ ಡಬ್ಬಿಯಲ್ಲಿ ಇಟ್ಟೆವು. ಕೇಳಿದವರಿಗೆಲ್ಲ ಪಿತ್ತದ್ದು ಎಂದೆವು. ಹೇಳಿ ಹೇಳಿ ನಮಗೂ ಅದೇ ರೂಢಿಯಾಯಿತು.

ಒಂದು ಬೆಳಿಗ್ಗೆ ಕುರಿಹಟ್ಟಿಯ ಕಲ್ಲಿನ ಮೇಲಿಂದ ಜಾರಿ ಅತ್ತೆಯ ಸೊಂಟಕ್ಕೆ ಪೆಟ್ಟಾಯಿತು. ಗಂಡ ಅಕ್ಕಲಕೋಟೆಯ ಎಲುಬಿನ ಡಾಕ್ಟರಲ್ಲಿಗೆ ಕರೆದೊಯ್ದ. ಮುರಿದಿಲ್ಲ ಎಂದು ಎಕ್ಸ್‌ರೇ ನೋಡಿ ಹೇಳಿದ ಡಾಕ್ಟರು, ಬೇರೆ ಯಾವ ಗುಳಿಗೆ ನಡೆದಿದೆ ಎಂದು ಕೇಳಿದರಂತೆ. ಹಿಂದಿನ ಬೆಂಚಿನ ಮೇಲೆ ನಮ್ಮೂರಿನವರೇ ಇಬ್ಬರು ಕುಳಿತಿದ್ದರು. "ಪಿತ್ತದ್ದೊಂದು ತಗೋತಾರ್ರಿ, ಬ್ಯಾರೆ ಏನಿಲ್ಲ" ಎಂದ ನನ್ನ ಗಂಡ. ಡಾಕ್ಟರು ನೋವಿಗೆ ಟ್ರಮಡಾಲ್ ಎಂಬ ಗುಳಿಗೆ ಬರೆದುಕೊಟ್ಟರು.

ಮೊದಲ ಎರಡು ದಿನ ಅತ್ತೆಗೆ ಬರೀ ಮಂಪರು. ರೊಟ್ಟಿಯ ತುತ್ತು ಕೈಯಲ್ಲಿ ಹಿಡಿದೇ ಕಣ್ಣು ಮುಚ್ಚುವರು, ಒಮ್ಮೆ ಎದ್ದು ಹೋಗುವಾಗ ಬಾಗಿಲ ಚೌಕಟ್ಟಿಗೆ ಹಾಯ್ದರು. ನೋವು ತಿಂದ ಜೀವ, ಮಲಗಲಿ ಎಂದುಕೊಂಡೆ. ಮೂರನೆಯ ದಿನ ಐತವಾರ. ಜನ ಬರುತ್ತಾರೆ, ನೆಟ್ಟಗೆ ಕೂರಬೇಕು ಎಂದು ಅತ್ತೆ ಒಂದರ ಬದಲು ಎರಡು ಗುಳಿಗೆ ನುಂಗಿದರು. ನೋವಿನ ಗುಳಿಗೆ ಎಂದರೆ ನಮ್ಮ ಕಡೆ ಹಾಗೆಯೇ, ಸಾಲದಿದ್ದರೆ ಇನ್ನೊಂದು.

ಮಧ್ಯಾಹ್ನಕ್ಕೆ ನಡುಕ ಶುರುವಾಯಿತು. ಹಲ್ಲು ಕಟಕಟಿಸುತ್ತಿದ್ದವು, ಬೆವರು ಸೀರೆ ತೋಯಿಸಿತ್ತು, ಕೂತಲ್ಲಿ ಕೂರಲಾರದೆ ಹೊರಳುತ್ತಿದ್ದರು. ಅಂಗಳದಲ್ಲಿದ್ದವರು ಒಮ್ಮೆಲೇ ಎದ್ದರು. "ಅಪ್ಪ ಬಂದಾನ! ಭಂಡಾರ ತರ್ರಿ!" ಯಾರೋ ಹಣೆಗೆ ಅರಿಶಿನದ ಭಂಡಾರ ಬಳಿದರು, ಯಾರೋ ಲೋಬಾನ ಹಾಕಿದರು, ಡೊಳ್ಳು ಬಡಿಯತೊಡಗಿತು. ಮುದುಕನೊಬ್ಬ ಕಾಲಿಗೆ ಬಿದ್ದು "ಅಪ್ಪಾ, ಏನ್ ತಪ್ಪಾಗೇತಿ ಹೇಳು" ಎಂದು ಅಳುತ್ತಿದ್ದ. ನಾನೂ ಎಂದಿನಂತೆ ಹಿಂದೆ ಹೋಗಿ ತೋಳು ಹಿಡಿದೆ.

ದೇವರು ಬಂದಾಗ ಅತ್ತೆಯ ಮೈ ತಣ್ಣಗಿರುತ್ತಿತ್ತು, ನಡುಕ ಭುಜದಿಂದ ಏಳುತ್ತಿತ್ತು. ಅಂದು ಮೈ ಕಾದ ಹಂಚಾಗಿತ್ತು. ಕಾಲುಗಳು ಸೆಟೆದು, ಹಿಮ್ಮಡಿ ತಾನಾಗಿಯೇ ಟಕಟಕ ನೆಲಕ್ಕೆ ಬಡಿಯುತ್ತಿತ್ತು. ಕಣ್ಣಿನ ಕಪ್ಪು ಗೊಂಬೆ ದೊಡ್ಡದಾಗಿತ್ತು. ಅತ್ತೆ ನನ್ನ ಕಡೆ ಕತ್ತು ಹೊರಳಿಸಿ, ತೊದಲುತ್ತ, "ಯವ್ವಾ, ನಾ ಸಾಯಾಕತ್ತೀನಿ" ಎಂದರು. ಬೀರೋಬಾ ಎಂದೂ ಹಾಗೆ ಮಾತಾಡಿದವನಲ್ಲ.

ದೇವರ ಸಿಟ್ಟಿಗೂ ಹೆದರಿದೆ, ಜನರಿಗೂ ಹೆದರಿದೆ, ಅದಕ್ಕಿಂತ ಹೆಚ್ಚಾಗಿ ನನ್ನ ಕೈಯಲ್ಲೇ ಅತ್ತೆಯ ಜೀವ ಹೋಗುತ್ತದೆಂದು ಹೆದರಿದೆ.

"ಡೊಳ್ಳ ನಿಂದ್ರಸ್ರಿ!" ಎಂದು ಕಿರುಚಿದೆ. "ಇದು ದ್ಯಾವರಲ್ಲ. ಇವರಿಗೆ ಆರಾಮ ಇಲ್ಲ. ಗಾಡಿ ತರ್ರಿ!"

ಡೊಳ್ಳು ನಿಂತಿತು. "ಸೊಸಿ ಭಾಳ ಶಾಣ್ಯಾಕಿ ಆಗ್ಯಾಳ" ಎಂದರು ಒಬ್ಬರು. ಗಂಡ ನನ್ನ ಮುಖ ನೋಡಿದ, ಆಮೇಲೆ ಅವ್ವನ ಬಡಿಯುವ ಕಾಲು ನೋಡಿದ, ಜೀಪು ತರಲು ಓಡಿದ. ಬೇಡವೆಂದರೂ ಇಬ್ಬರು ಹಿರಿಯರು ಹತ್ತಿಕೊಂಡರು. ದೇವರನ್ನು ಒಂಟಿಯಾಗಿ ಕಳಿಸಬಾರದಂತೆ.

ಸೋಲಾಪುರದ ದೊಡ್ಡ ದವಾಖಾನೆಗೇ ಹೊರಟೆವು. ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕಾರ್ಖಾನೆಗಳ ಹತ್ತಿರ ಲಾರಿಗಳ ನಡುವೆ ಸಿಕ್ಕಿಕೊಂಡಾಗ ಅತ್ತೆಯ ಮೈ ಹಲಗೆಯಂತೆ ಬಿಗಿದುಕೊಂಡಿತು. ಕಣ್ಣು ಮೇಲೆ ಸಿಕ್ಕಿಕೊಂಡವು, ಫಿಟ್ಸಿನ ಝಟಕೆ ಬಂದು ಇಡೀ ಮೈ ಝಾಡಿಸತೊಡಗಿತು. ಹಿರಿಯರು ಕೈಯಲ್ಲಿ ಕಬ್ಬಿಣ ಹಿಡಿಸಲು ಕೀಲಿಕೈ ಹುಡುಕುತ್ತಿದ್ದರು. ನಾನು ಬಾಯಿಯ ನೊರೆ ಗಂಟಲಿಗೆ ಇಳಿಯದಿರಲಿ ಎಂದು ಅವರನ್ನು ಮಗ್ಗುಲಿಗೆ ಹೊರಳಿಸಿ ಹಿಡಿದು ಕುಳಿತೆ. ಅಂಥ ಅಂಜಿಕೆ ನನ್ನ ಮಗ ಹುಟ್ಟುವಾಗಲೂ ಆಗಿರಲಿಲ್ಲ. ಝಾಡಿಸುವುದು ನಿಂತಾಗ ಉಸಿರೂ ನಿಂತಿತೆಂದೇ ತಿಳಿದೆ. ಆಮೇಲೆ ಗೊರಕೆ ಕೇಳಿತು.

ದವಾಖಾನೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಅತ್ತೆಯ ಪಾದವನ್ನು ಹಿಡಿದು ಒಮ್ಮೆ ಮೇಲಕ್ಕೆ ಒತ್ತಿದರು. ಪಾದ ತಾನಾಗಿಯೇ ಬಡಿದುಕೊಳ್ಳುತ್ತಲೇ ಇತ್ತು. ಅವರ ಮುಖ ಬಿಗಿಯಾಯಿತು. ನೋವಿನ ಗುಳಿಗೆಯ ಹಾಳೆ ನೋಡಿ, "ಆಣಖೀ ಕುಠಲ್ಯಾ ಗೋಳ್ಯಾ ಚಾಲೂ ಆಹೇತ?" ಎಂದು ಮರಾಠಿಯಲ್ಲಿ ಕೇಳಿದರು. ಮತ್ತೆ ಅದೇ ಪ್ರಶ್ನೆ, ಇನ್ನು ಯಾವ ಗುಳಿಗೆ? ಗಂಡ ಹಿರಿಯರ ಕಡೆ ನೋಡಿ ನೆಲ ನೋಡಿದ.

"ತಲಿದು ಗುಳಿಗಿ ತಗೋತಾರ್ರಿ" ಎಂದೆ, ಎಲ್ಲರಿಗೂ ಕೇಳುವಂತೆ. "ಮನಸ್ಸಿಂದು. ಸರ್ಟ್ರಾಲಿನ್."

ಹಿರಿಯರು ಹೊರಗೆ ಹೋದರು.

ಅಂದು ಒಳಗೆ ಏನೇನು ಮಾಡಿದರೆಂದು ನನಗೆ ಪೂರ್ತಿ ತಿಳಿಯದು. ಎರಡೂ ಗುಳಿಗೆ ನಿಲ್ಲಿಸಿದರು, ಝಟಕೆ ಮತ್ತು ನಡುಕ ಇಳಿಸುವ ಇಂಜೆಕ್ಷನ್ ಕೊಟ್ಟರು, ಸಲಾಯಿನ್ ಹಚ್ಚಿ ಮೈ ತಂಪು ಮಾಡಿದರು. ಡಾಕ್ಟರಮ್ಮ ಆಮೇಲೆ ಕನ್ನಡದಲ್ಲೇ ತಿಳಿಸಿ ಹೇಳಿದರು. ಮೆದುಳಿನಲ್ಲಿ ಸಿರೊಟೋನಿನ್ ಎಂಬುದೊಂದಿದೆ, ಮನಸ್ಸಿನ ಗುಳಿಗೆ ಅದನ್ನು ಹೆಚ್ಚಿಸುತ್ತದೆ. ಟ್ರಮಡಾಲ್ ಕೂಡ ಹೆಚ್ಚಿಸುತ್ತದೆ. ಎರಡೂ ಕೂಡಿದರೆ ಕೆಲವರಿಗೆ ಅದು ಮಿತಿಮೀರಿ ನಡುಕ, ಜ್ವರ, ಸೆಟೆತ ಬರುತ್ತವೆ. ಟ್ರಮಡಾಲ್ ಒಂದೇ ಇದ್ದರೂ ಝಟಕೆ ಬರಬಹುದು, ಪ್ರಮಾಣ ಹೆಚ್ಚಾದರೆ, ಜೊತೆಗೆ ಇಂಥ ಗುಳಿಗೆ ಇದ್ದರೆ, ಆ ಅಪಾಯ ಇನ್ನೂ ಹೆಚ್ಚು. "ಅಲ್ಲೇ ಹೇಳಿದ್ರ ಆ ಡಾಕ್ಟರು ಬ್ಯಾರೆ ಬರೀತಿದ್ರು" ಎಂದರು. ನನ್ನ ಗಂಡ ಗಂಡಸೆಂಬುದನ್ನು ಮರೆತು ಅತ್ತ.

ಮರುದಿನಕ್ಕೆ ನಡುಕ ಇಳಿಯಿತು. ಮಾನಸಿಕ ರೋಗದ ಡಾಕ್ಟರೇ ಬಂದು ನೋಡಿ, ಸರ್ಟ್ರಾಲಿನ್ ಯಾವಾಗ ತಿರುಗಿ ಶುರುಮಾಡಬೇಕೆಂದು ತಾವೇ ಹೇಳುವುದಾಗಿಯೂ, ಸೊಂಟಕ್ಕೆ ಪ್ಯಾರಾಸಿಟಮಾಲ್ ಸಾಕೆಂದೂ ಹೇಳಿದರು. ಈಗ ಅತ್ತೆ ಯಾವ ಡಾಕ್ಟರಲ್ಲಿಗೆ ಹೋದರೂ ಮೊದಲು ಸೆರಗಿನ ಗಂಟು ಬಿಚ್ಚಿ ಆ ಮನಸ್ಸಿನ ಗುಳಿಗೆ ತೋರಿಸುತ್ತಾರೆ. ಊರು ಆಡಿಕೊಂಡಿತು, ಆಡಿ ಸುಮ್ಮನಾಯಿತು. ಬರುವ ಜನ ಕಡಿಮೆಯಾದರು, ಆದರೂ ಬಂದರು.

ಕೆಲವು ತಿಂಗಳ ಮೇಲೆ ಒಂದು ಐತವಾರ ದೇವರ ಮುಂದೆ ಕುಳಿತ ಅತ್ತೆಯ ಭುಜ ನಡುಗತೊಡಗಿತು. ನಾನು ಓಡಿದೆ. ಆದರೆ ತೋಳು ಹಿಡಿಯಲಿಲ್ಲ. ಅಂಜಿಕೆಯಲ್ಲಿ ಒಂದು ಕೈ ಹಣೆಗೆ ಹೋಯಿತು, ಜ್ವರವಿದೆಯೇ ಎಂದು. ಇನ್ನೊಂದು ಕೈ ಪಾದ ಹಿಡಿಯಿತು.

ಹಣೆ ತಣ್ಣಗಿತ್ತು. ಪಾದ ಬಡಿಯುತ್ತಿರಲಿಲ್ಲ. ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದರು, ನಡುಕ ನಿಂತುಹೋಯಿತು.

"ಬಂದಿದ್ದ" ಎಂದರು ಮೆಲ್ಲಗೆ. "ನೀ ಜ್ವರ ನೋಡಿದಿ, ಹೋದ."

ಆಮೇಲೆ ಅವನು ಬಂದಿಲ್ಲ.