ನಾನೇ ಟೈಪು ಮಾಡಿದ ಪ್ರಭಾರ ಪತ್ರ

ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಸುಮಾರು ಒಂದು ವರ್ಷ ಅದನ್ನು ಊಟದ ಡಬ್ಬಿಯ ಜೊತೆಗೆ ಸೈಕಲ್ಲಿಗೆ ಕಟ್ಟಿಕೊಂಡು ದಿನಾ ಹೆಬಳೆಯಿಂದ ತೆಂಗಿನಗುಂಡಿಗೆ ಹೋಗಿ ಬಂದವನು ನಾನು.

ಅಲ್ಲಿನ ಮೀನುಗಾರರ ಸಹಕಾರಿ ಸಂಘವೊಂದರಲ್ಲಿ ನಾನು ಹೆಡ್ ಕ್ಲರ್ಕ್. ಹನ್ನೆರಡು ವರ್ಷದ ಸರ್ವಿಸು. ಕನ್ನಡ ಟೈಪ್‌ರೈಟರ್ ಮುಟ್ಟುವ ಅಧಿಕಾರ ನನ್ನೊಬ್ಬನಿಗೇ ಇತ್ತು. ನಮ್ಮ ಕಾರ್ಯದರ್ಶಿಗಳು ಆ ವರ್ಷ ಎದೆಯ ಕಾಯಿಲೆ ಹೆಚ್ಚಾಗಿ ದೀರ್ಘ ರಜೆ ಹಾಕಿದರು. ಅವರ ನಿವೃತ್ತಿಗೂ ಹೆಚ್ಚು ದಿನ ಇರಲಿಲ್ಲ. ಈಗ ಪ್ರಭಾರ ಸಿಕ್ಕವನಿಗೆ ನಾಳೆ ಆ ಕುರ್ಚಿಯೇ ಸಿಗುತ್ತದೆ ಎಂದು ಆಫೀಸಿನ ಜವಾನನಿಗೂ ಗೊತ್ತಿತ್ತು. ಸಿಗುವವನು ನಾನೇ ಎಂದು ನನ್ನ ಹೆಂಡತಿ ಬಾವಿಕಟ್ಟೆಯಲ್ಲಿ ಹೇಳಿಯೂ ಆಗಿತ್ತು.

ಸಿಕ್ಕಿದ್ದು ಐದು ವರ್ಷದ ಸರ್ವಿಸಿನ ಕಿರಿಯ ಗುಮಾಸ್ತನಿಗೆ. ಹೊನ್ನಾವರ ಕಡೆಯ ಮೀನುಗಾರರ ಮನೆಯ ಹುಡುಗ, ಮದುವೆಯಾಗಿ ತೆಂಗಿನಗುಂಡಿಯಲ್ಲೇ ನಿಂತವನು. ಅಕ್ಷರ ಕೋಳಿ ಕೆದರಿದ ಹಾಗೆ. ಆದರೆ ದೋಣಿ ದಡಕ್ಕೆ ಬಂದರೆ ರಿಜಿಸ್ಟರು ಬಿಟ್ಟು ಎದ್ದು ಹೋಗುತ್ತಿದ್ದ. ಅದನ್ನು ನಾನು ಕೆಲಸಗಳ್ಳತನ ಎಂದುಕೊಂಡಿದ್ದೆ.

ಅಧ್ಯಕ್ಷರು ನನ್ನನ್ನು ಒಳಗೆ ಕರೆದರು. ಹಿರಿಯ ಮೀನುಗಾರರು, ಸುತ್ತಿ ಬಳಸಿ ಮಾತಾಡುವವರಲ್ಲ.

“ನೀ ಬೇಸರ ಮಾಡ್ಕಬೇಡ. ನೀ ಎದ್ರೆ ಲೆಕ್ಕ ಬರೆಯೂಕೆ ಯಾರಿದ್ದಾರೆ? ಅಂವ ಜನರ ಹತ್ರ ಹೋಗ್ತಾನೆ. ಆರ್ಡರು ನೀನೇ ಟೈಪು ಮಾಡು.”

“ಆತು,” ಎಂದೆ. ಮತ್ತೆಂತ ಹೇಳುವುದು?

ಬೀರುವಿನಿಂದ ಹಿಂದೊಮ್ಮೆ ಕೊಟ್ಟಿದ್ದ ಪ್ರಭಾರ ಪತ್ರ ತೆಗೆದು, ಅದನ್ನೇ ನೋಡಿ ಪೆನ್ಸಿಲಿನಲ್ಲಿ ಕರಡು ಮಾಡಿದೆ. ಕಾರ್ಯದರ್ಶಿಗಳು ರಜೆಯಲ್ಲಿರುವ ಕಾರಣ ತಾತ್ಕಾಲಿಕವಾಗಿ ಪ್ರಭಾರ ವಹಿಸಲಾಗಿದೆ. ಭತ್ಯೆ ಸಲ್ಲುವುದು ಪತ್ರದ ತಾರೀಖಿನಿಂದಲ್ಲ, ಚಾರ್ಜು ಪಟ್ಟಿಗೆ ಇಬ್ಬರೂ ಸಹಿ ಮಾಡಿ ಅಧಿಕಾರ ವಹಿಸಿಕೊಂಡ ದಿನದಿಂದ. ಅದು ಮೂಲ ವೇತನಕ್ಕೆ ಸೇರತಕ್ಕದ್ದಲ್ಲ. ಕಾರ್ಯದರ್ಶಿ ಮರಳಿ ಹಾಜರಾದ ದಿನ ಪ್ರಭಾರವೂ ಭತ್ಯೆಯೂ ತಾನಾಗಿ ಮುಗಿಯತಕ್ಕದ್ದು. ಅದಕ್ಕೆ ಮೊದಲೇ ಮುಗಿಸಬೇಕಾದರೆ ಸಮಿತಿಯು ಹದಿನೈದು ದಿನದ ನೋಟೀಸು ಕೊಡತಕ್ಕದ್ದು. ಆಮೇಲೆ ನೌಕರನು ತನ್ನ ಮೂಲ ಹುದ್ದೆಗೆ, ಹಿರಿತನಕ್ಕೆ ಭಂಗವಿಲ್ಲದೆ ಮರಳತಕ್ಕದ್ದು. ಈ ಪತ್ರದ ಆಧಾರದಿಂದ ಮೇಲಿನ ಹುದ್ದೆಗೆ ಹಕ್ಕು ಸಾಧಿಸುವಂತಿಲ್ಲ. ಈ ಕೊನೆಯ ವಾಕ್ಯವನ್ನು ಬರೆಯುವಾಗ ಮಾತ್ರ ನನಗೆ ಸ್ವಲ್ಪ ಸುಖವಾಯಿತು.

ಉಳಿದದ್ದು ಪರಾಮರ್ಶೆಯ ಕಲಮು. ಹಳೆಯ ಪತ್ರದಲ್ಲಿ, ಆರು ತಿಂಗಳಿಗೆ ಆಡಳಿತ ಸಮಿತಿ ಕೆಲಸವನ್ನು ಪರಾಮರ್ಶಿಸಬೇಕು, ಆ ಸಭೆಯ ಠರಾವಿಲ್ಲದೆ ಪ್ರಭಾರ ಮುಂದುವರಿಯತಕ್ಕದ್ದಲ್ಲ ಎಂದಿತ್ತು. ನಾನೂ ‘ಆರು’ ಎಂದೇ ಬರೆದುಕೊಂಡು ಅಧ್ಯಕ್ಷರನ್ನು ಕೇಳಿದೆ.

“ಮೂರೋ ಆರೋ, ನೀನೇ ನೋಡಿ ಹಾಕು,” ಎಂದು ಅವರು ಛತ್ರಿ ಹಿಡಿದು ಹೊರಟೇಬಿಟ್ಟರು.

ನಾನು ಕ್ಯಾಲೆಂಡರ್ ನೋಡಿದೆ. ಅವನು ಚಾರ್ಜು ತೆಗೆದುಕೊಳ್ಳುವುದು ಏಪ್ರಿಲ್ ಮೊದಲ ವಾರ. ಆರು ತಿಂಗಳೆಂದರೆ ಅಕ್ಟೋಬರ್. ಬಂಗಡೆ ರಾಶಿ ಬೀಳುವ ಕಾಲ, ಐಸು ಸಾಲದೆ ಜಗಳವಾಗುವ ಕಾಲ. ಆಗ ಯಾರನ್ನು ಆ ಕುರ್ಚಿಯಲ್ಲಿ ಕೂರಿಸಿದರೂ ವಹಿವಾಟು ಏರಿಯೇ ಇರುತ್ತದೆ. ಮೂರು ತಿಂಗಳೆಂದರೆ ಜುಲೈ. ದೋಣಿಗಳನ್ನೆಲ್ಲ ದಡದ ಮೇಲೆಳೆದು ತೆಂಗಿನ ಮಡಲು ಹೊದಿಸಿರುತ್ತಾರೆ. ಮೀನಿಲ್ಲ, ಐಸಿಲ್ಲ, ಮಾರಾಟದ ಪುಸ್ತಕದಲ್ಲಿ ಬರೀ ಸೊನ್ನೆ. ಸಮಿತಿಯವರ ಮುಂದೆ ಆ ಪುಸ್ತಕ ಇಡುವವನು ಹೆಡ್ ಕ್ಲರ್ಕ್, ಅಂದರೆ ನಾನು.

‘ಆರು’ ಹೊಡೆದು ‘ಮೂರು’ ಎಂದು ಬರೆದೆ. ಕಾರ್ಬನ್ ಇಟ್ಟು ಟೈಪು ಮಾಡಿದೆ. ಅಧ್ಯಕ್ಷರು ಸಹಿ ಹಾಕಿದರು. ಅವನು ಪ್ರತಿಯ ಮೇಲೆ ‘ಷರತ್ತುಗಳು ಒಪ್ಪಿಗೆ’ ಎಂದು ಕೋಳಿ ಅಕ್ಷರದಲ್ಲಿ ಬರೆದುಕೊಟ್ಟು, “ಅಣ್ಣ, ನೀವು ಇದ್ದೀರಿ ಅಂತ ಧೈರ್ಯ,” ಎಂದ. ಬೀಗದ ಕೈ ಗೊಂಚಲು, ಸಂಘದ ಮೊಹರು, ಠರಾವು ಪುಸ್ತಕ ಎಲ್ಲ ನನ್ನ ಕಣ್ಣೆದುರೇ ಅವನ ಮೇಜಿಗೆ ಹೋದವು. ಕೈ ಇರುವ ಆ ಕುರ್ಚಿಯಲ್ಲಿ ಅವನು ತುದಿಯಲ್ಲಿ ಕೂರುತ್ತಿದ್ದ. ಅದೂ ನನಗೆ ಸಹಿಸಲಾಗಲಿಲ್ಲ. ಕೂತರೆ ಸರಿಯಾಗಿ ಕೂರಬಾರದೇ, ಕೊಬ್ಬು ಎಂದು ಬೈಯಲಾದರೂ ಅನುಕೂಲವಾಗುತ್ತಿತ್ತು.

ಮಳೆ ಹಿಡಿಯಿತು. ದೋಣಿ ಮೇಲೆ ಬಂದವು. ನಾನು ದಿನ ಎಣಿಸುತ್ತಿದ್ದೆ. ಅವನು ಮಾತ್ರ ಮಧ್ಯಾಹ್ನವಾದರೆ ಆಫೀಸು ನನಗೆ ಬಿಟ್ಟು, ಜನ ಬಲೆ ಕಟ್ಟುತ್ತಾ ಕೂರುವ ಚಪ್ಪರಗಳಿಗೆ ಹೋಗುತ್ತಿದ್ದ. ಎಂಜಿನ್ ರಿಪೇರಿಯ ಸಾಲಕ್ಕೆ, ನೂಲಿಗೆ ಅಲ್ಲೇ ಕೂತು ಅವರ ಅರ್ಜಿ ತುಂಬಿ ಹೆಬ್ಬೆಟ್ಟು ಹಾಕಿಸಿಕೊಂಡು ತರುತ್ತಿದ್ದ. ಸೊನ್ನೆ ಸೊನ್ನೆಯೇ, ಎಷ್ಟು ತಿರುಗಿದರೂ ಅಷ್ಟೇ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಪರಾಮರ್ಶೆಯ ಸಭೆಯ ನೋಟೀಸನ್ನೂ ನಾನೇ ಕಳಿಸಿದೆ. ಸಮಿತಿಯಲ್ಲಿ ಒಂಬತ್ತು ಜನ. ಮೀನಿನ ಕಾಲದಲ್ಲಿ ಮೂರು ಜನ ಬಂದರೆ ಹೆಚ್ಚು. ಕೋರಂ ಇಲ್ಲದೆ ಸಭೆ ಮುಂದೂಡಿದೆ ಎಂದು ಬರೆದು ಬರೆದು ನನಗೆ ಆ ವಾಕ್ಯ ಬಾಯಿಪಾಠವಾಗಿತ್ತು. ಆ ದಿನ ಧೋ ಎಂದು ಮಳೆ. ಎಲೆಯ ಗೊರಬು ಹೊದ್ದು, ಕಂಬಳಿ ಹೊದ್ದು ಒಂಬತ್ತಕ್ಕೆ ಒಂಬತ್ತೂ ಜನ ಬಂದು ಬೆಂಚು ಸಾಲದೆ ನಿಂತರು. ಮಳೆಗಾಲ, ಮನೆಯಲ್ಲಿ ಕೂತು ಎಂತ ಮಾಡುತ್ತಾರೆ?

ನಾನು ಮಾರಾಟದ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಜೂನ್ ತಿಂಗಳ ಪುಟದ ಮೇಲೆ ಬೆರಳಿಟ್ಟು, “ವಹಿವಾಟು ಏನೂ ಇಲ್ಲ,” ಎಂದೆ.

ಒಬ್ಬ ಮುದುಕರು ನನ್ನನ್ನೇ ನೋಡಿದರು. “ಹೌದಾ? ಮಳೆಗಾಲದಲ್ಲಿ ಮೀನು ನಿನ್ನ ಪುಸ್ತಕದೊಳಗೆ ಬಂದು ಬೀಳೂದಾ ಮಾರಾಯ?”

ಎಲ್ಲರೂ ನಕ್ಕರು. ಹನ್ನೆರಡು ವರ್ಷ ಮೀನುಗಾರರ ಸಂಘದಲ್ಲಿ ಕೂತು, ಪುಸ್ತಕ ನೋಡಿ ಕಡಲನ್ನು ಅಳೆಯಲು ಹೋದ ನನ್ನ ಬುದ್ಧಿಗೆ ಆ ನಗು ಕಡಿಮೆಯೇ. ಪ್ರಭಾರ ಮುಂದುವರಿಸುವ ಠರಾವು ಒಂಬತ್ತು ಕೈಗಳೂ ಎದ್ದು ಪಾಸಾಯಿತು. ಸರ್ವಾನುಮತದಿಂದ ಎಂದು ನಾನೇ ಬರೆದೆ.

ಮರುವರ್ಷ ಫೆಬ್ರುವರಿಯಲ್ಲಿ ಕಾರ್ಯದರ್ಶಿಗಳು ಗುಣವಾಗಿ ಹಾಜರಾದರು. ಪತ್ರದಲ್ಲಿದ್ದಂತೆ ಆ ದಿನವೇ ಪ್ರಭಾರ ಮುಗಿಯಿತು, ಭತ್ಯೆ ನಿಂತಿತು. ಮರಳಿಕೆಯ ಆರ್ಡರನ್ನು ನಾನು ಬೇಕೆಂದೇ ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಚಪ್ಪರಿಸಿಕೊಂಡು ಟೈಪು ಮಾಡಿದೆ. ಅವನು ಕೀ ಗೊಂಚಲು ಒಪ್ಪಿಸಿ, ಪಟ್ಟಿಗೆ ಸಹಿ ಮಾಡಿ, ನನ್ನ ಪಕ್ಕದ ತನ್ನ ಹಳೆಯ ಮೇಜಿಗೆ ಬಂದು ಕೂತ. ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ. ನಾನು ಹುಡುಕಿದೆ.

ಸಂಜೆ ಎಲ್ಲ ಹೋದ ಮೇಲೆ ಬಾಳೆ ಎಲೆಯಲ್ಲಿ ಕಟ್ಟಿದ ಸಿಗಡಿ ತಂದು ನನ್ನ ಮೇಜಿನ ಮೇಲಿಟ್ಟ.

“ಅಣ್ಣ, ಒಂದು ಮಾತು. ಫೈಲಿನಲ್ಲಿ ನಿಮ್ಮ ಪೆನ್ಸಿಲ್ ಕರಡು ನೋಡ್ದೆ. ಆರು ಇದ್ದದ್ದು ಹೊಡೆದು ಮೂರು ಮಾಡಿದ್ದು ನೀವೇ ಅಲ್ದಾ?”

ಸಿಕ್ಕಿಬಿದ್ದೆ ಎಂದುಕೊಂಡೆ.

“ಹಿಂದೆ ಪ್ರಭಾರ ಸಿಕ್ಕಿದವರದ್ದು ಕೋರಂ ಇಲ್ದೇ ಅರ್ಧಕ್ಕೇ ನಿಂತೋಯ್ತು ಅಂತ ಅದೇ ಫೈಲಿನಲ್ಲಿ ಓದ್ದೆ. ಆರು ಅಂತ ಇದ್ದಿದ್ರೆ ನಂದೂ ಅಷ್ಟೇ. ಅಕ್ಟೋಬರಲ್ಲಿ ಕಡಲು ಬಿಟ್ಟು ಯಾರು ಸಭೆಗೆ ಬರ್ತ್ರು? ಮಳೆಗಾಲಕ್ಕೆ ಬೀಳೂ ಹಾಂಗೆ ನೀವು ನೋಡಿ ಹಾಕಿದ್ರಿ. ನಿಮಗೆ ಸಿಗಬೇಕಾಗಿದ್ದು ನಂಗೆ ಬಂತು, ಆದ್ರೂ ಹಾಂಗೆ ಮಾಡಿದ್ರಿ. ನನ್ನ ಸ್ವಂತ ಅಣ್ಣನೂ ಮಾಡ್ತಿರ್ಲಿಲ್ಲ. ಮನೇಲೂ ಹೇಳಿದ್ದೆ.”

ಅಲ್ಲ, ನಿನ್ನನ್ನು ಕೆಡವಲೆಂದೇ ಹಾಕಿದ್ದು ಎನ್ನಬೇಕಿತ್ತು. ಅಷ್ಟು ದಿನ ಅವನ ಕುರ್ಚಿಯ ಮೇಲಿದ್ದ ನನ್ನ ಉರಿ ಆ ಗಳಿಗೆಯಲ್ಲಿ ಅವನ ಮನಸ್ಸಿನ ಮೇಲೆ ತಿರುಗಿತು. ಇಷ್ಟು ಒಳ್ಳೆಯದನ್ನು ಯೋಚಿಸಲು ಇವನಿಗೆ ಹೇಗೆ ಬರುತ್ತದೆ, ನನಗೇಕೆ ಬರುವುದಿಲ್ಲ?

“ಅದಕ್ಕೆಂತ,” ಎಂದು ಸಿಗಡಿ ಸೈಕಲ್ಲಿಗೆ ಕಟ್ಟಿಕೊಂಡೆ.